ಮೂರು ಮೀಟರ್ ಚಾರ್ಜಿಂಗ್ ಕೇಬಲ್ ಕೊಳ್ಳುವವರ ಗಮನಕ್ಕೆ: ಕೋಲಾರದ ಮಂಡಿಯೊಂದರಲ್ಲಿ ಹಣ ಪೋಲಾದ ಬಗೆ

ಮೊಬೈಲ್ ಚಾರ್ಜ್ ಮಾಡಲು ಉದ್ದನೆಯ ಯುಎಸ್‌ಬಿ ಕೇಬಲ್ ಕೊಳ್ಳಬೇಕೆಂದಿರುವವರು, ಹಾಗೆಯೇ ಚಾರ್ಜ್ ಏರುತ್ತಿಲ್ಲವೆಂದು ಫೋನನ್ನು ರಿಪೇರಿಗೆ ಒಯ್ಯಲು ಹೊರಟಿರುವವರು, ಇದನ್ನು ಒಮ್ಮೆ ಓದಿಕೊಳ್ಳಬೇಕೆಂದು ಕೋರುತ್ತೇನೆ. ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಮಂಡಿ ನಡೆಸುವ ನನ್ನ ಭಾವನವರು ಒಂದು ಕೇಬಲ್ಲಿನ ದೆಸೆಯಿಂದ ಮೊದಲು ಫೋನಿನ ಚಾರ್ಜಿಂಗ್ ಬೋರ್ಡನ್ನೂ ಆಮೇಲೆ ಬ್ಯಾಟರಿಯನ್ನೂ ಬದಲಾಯಿಸಿ, ಎರಡಕ್ಕೂ ಹಣ ತೆತ್ತರು. ಎರಡರಲ್ಲೂ ದೋಷವಿರಲಿಲ್ಲ.

ಮಂಡಿಯಲ್ಲಿ ಅವರ ಲೆಕ್ಕದ ಮೇಜು ಗೋಡೆಯ ಪ್ಲಗ್ಗಿನಿಂದ ದೂರವಿದೆ. ಹರಾಜಿನ ಹೊತ್ತಿನಲ್ಲಿ ಫೋನಿಗೆ ಬಿಡುವೇ ಇರುವುದಿಲ್ಲ. ಹೊರ ರಾಜ್ಯದ ವ್ಯಾಪಾರಿಗಳ ಕರೆಗಳು, ಕ್ರೇಟುಗಳ ಫೋಟೊಗಳು, ಹಣದ ಸಂದೇಶಗಳು ಒಂದರ ಹಿಂದೊಂದು ಬರುತ್ತಿರುವುದರಿಂದ ಪರದೆ ಆರುವುದೇ ಅಪರೂಪ. ಫೋನನ್ನು ಚಾರ್ಜಿಗೆ ಹಾಕಿಯೇ ಮಾತಾಡಬಹುದೆಂದು ಅವರು ಊರಿನ ಅಂಗಡಿಯೊಂದರಲ್ಲಿ ಮೂರು ಮೀಟರ್ ಉದ್ದದ, ಹೊರಗೆ ನೈಲಾನ್ ಹೆಣಿಗೆಯಿದ್ದ, ಪೊಟ್ಟಣದ ಮೇಲೆ ಮೂರು ಆಂಪಿಯರ್ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದ ಕೇಬಲ್ ಕೊಂಡರು. ಪರದೆಯ ಮೇಲೆ ಮಿಂಚಿನ ಗುರುತು ಮೂಡುತ್ತಿತ್ತು, ಚಾರ್ಜ್ ಆಗುತ್ತಿದೆ ಎಂಬ ಬರಹವೂ ಬರುತ್ತಿತ್ತು. ಆದರೆ ಹರಾಜು ಮುಗಿಯುವ ಹೊತ್ತಿಗೆ ಬ್ಯಾಟರಿಯ ಶೇಕಡಾವಾರು ಬೆಳಿಗ್ಗೆ ಇದ್ದಲ್ಲೇ ಇರುತ್ತಿತ್ತು, ಇಲ್ಲವೇ ಅದಕ್ಕಿಂತ ಕೆಳಗಿಳಿದಿರುತ್ತಿತ್ತು.

ರಿಪೇರಿಯವರು ನಡೆಸಿದ ಪರೀಕ್ಷೆ ಕೇಳಿದವರಿಗೆ ಸರಿಯೆಂದೇ ತೋರುವಂಥದ್ದು. ಅವರು ಕೇಬಲ್ಲಿನ ಒಂದು ತುದಿಯನ್ನು ಚಾರ್ಜರಿಗೆ ಸಿಕ್ಕಿಸಿ, ಫೋನಿಗೆ ಹೋಗುವ ತುದಿಗೆ ಮಲ್ಟಿಮೀಟರ್ ಹಿಡಿದು, ‘ನೋಡಿ ಅಣ್ಣ, ಪೂರ್ತಿ ಐದು ವೋಲ್ಟ್ ಬರ್ತಾ ಇದೆ, ಕೇಬಲ್ ಚೆನ್ನಾಗೇ ಇದೆ’ ಎಂದರಂತೆ. ಬೋರ್ಡ್ ಬದಲಾಯಿಸಿದ ಮೇಲೆ ತಮ್ಮ ಮೇಜಿನ ಮೇಲಿದ್ದ ಗೇಣುದ್ದದ ಕೇಬಲ್ಲಿಗೆ ಫೋನನ್ನು ಹಾಕಿ, ಚಾರ್ಜ್ ಚುರುಕಾಗಿ ಏರುವುದನ್ನು ತೋರಿಸಿ ಕಳಿಸಿದರು. ಮಂಡಿಗೆ ಬಂದು ಮೂರು ಮೀಟರ್ ಕೇಬಲ್ಲಿಗೆ ಸಿಕ್ಕಿಸಿದರೆ ಮತ್ತೆ ಅದೇ ಕಥೆ. ಎರಡನೆಯ ಸಲ ಬ್ಯಾಟರಿಯ ಮೇಲೆ ಅಪವಾದ ಬಂತು. ಇದರಲ್ಲಿ ಮೋಸವಿತ್ತೆಂದು ನಾನು ಹೇಳಲಾರೆ. ಮೀಟರ್ ತೋರಿಸಿದ್ದು ನಿಜವೇ, ಆದರೆ ಅಳೆದ ಸಂದರ್ಭ ತಪ್ಪಾಗಿತ್ತು.

ತಂತಿಯಲ್ಲಿ ವೋಲ್ಟೇಜ್ ಇಳಿಯುವುದು ಕರೆಂಟ್ ಹರಿಯುವಾಗ ಮಾತ್ರ. ಹರಿಯುವ ಕರೆಂಟನ್ನು ತಂತಿಯ ರೋಧದಿಂದ ಗುಣಿಸಿದರೆ ಬರುವಷ್ಟು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಮಲ್ಟಿಮೀಟರ್ ತನಗಾಗಿ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ಫೋನ್ ಸಿಕ್ಕಿಸದೆ ಅಳೆದಾಗ ಎಂಥ ಕಳಪೆ ಕೇಬಲ್ ಆದರೂ, ತಂತಿ ಪೂರ್ತಿ ತುಂಡಾಗಿರದಿದ್ದರೆ, ಐದು ವೋಲ್ಟನ್ನೇ ತೋರಿಸುತ್ತದೆ. ಆದ್ದರಿಂದ ಯಾರಾದರೂ ನಿಮ್ಮೆದುರು ಹೀಗೆ ಅಳೆದು ಕೇಬಲ್ ಸರಿಯಿದೆ ಎಂದರೆ, ಆ ಮಾತಿನ ಮೇಲೆ ಹಣ ಖರ್ಚು ಮಾಡಬೇಡಿ.

ನಾನು ಅಳೆದದ್ದು ಯುಎಸ್‌ಬಿ ಟೆಸ್ಟರಿನಿಂದ. ಚಾರ್ಜರ್ ಮತ್ತು ಕೇಬಲ್ಲಿನ ನಡುವೆ, ಅಥವಾ ಕೇಬಲ್ ಮತ್ತು ಫೋನಿನ ನಡುವೆ ಸಿಕ್ಕಿಸಿದರೆ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಒಟ್ಟಿಗೆ ತೋರಿಸುವ ಈ ಪುಟ್ಟ ಸಾಧನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಫೋನ್ ಚಾರ್ಜ್ ಆಗುತ್ತಿರುವಾಗಲೇ ಚಾರ್ಜರಿನ ಕಡೆ 5.12 ವೋಲ್ಟ್ ಇತ್ತು. ಟೆಸ್ಟರನ್ನು ಫೋನಿನ ಕಡೆಗೆ ಬದಲಿಸಿದಾಗ 4.53 ವೋಲ್ಟ್ ಬಂತು. ಹರಿಯುತ್ತಿದ್ದ ಕರೆಂಟ್ ಎರಡೂ ಸಲ 0.44 ಆಂಪಿಯರ್. ನಡುವೆ ಕಳೆದುಹೋದ 0.59 ವೋಲ್ಟನ್ನು 0.44ರಿಂದ ಭಾಗಿಸಿದರೆ ಕೇಬಲ್ಲಿನ ಒಟ್ಟು ರೋಧ ಸುಮಾರು 1.34 ಓಮ್ ಎಂದಾಗುತ್ತದೆ. ಫೋನಿಗೆ ತಲುಪುತ್ತಿದ್ದ ಶಕ್ತಿ ಬರೀ ಎರಡು ವ್ಯಾಟ್. ಪರದೆ ಉರಿಯುತ್ತಾ, ಕರೆ ನಡೆಯುತ್ತಾ ಇರುವ ಫೋನು ತನ್ನ ಕೆಲಸಕ್ಕೇ ಅಷ್ಟನ್ನು ನುಂಗಿಬಿಡಬಲ್ಲದು. ಬ್ಯಾಟರಿಗೆ ಉಳಿಯುವುದೇನೂ ಇರುವುದಿಲ್ಲ.

ಚಾರ್ಜರ್ ಎರಡು ಆಂಪಿಯರ್ ಕೊಡಬಲ್ಲದ್ದಾಗಿದ್ದರೂ ಅರ್ಧ ಆಂಪಿಯರ್ ಕೂಡ ಏಕೆ ಹರಿಯಲಿಲ್ಲ ಎಂಬುದು ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ. ಫೋನಿನೊಳಗಿನ ಚಾರ್ಜಿಂಗ್ ಚಿಪ್ ಕರೆಂಟನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಾ ಬಾಗಿಲಿಗೆ ಬರುವ ವೋಲ್ಟೇಜನ್ನು ಗಮನಿಸುತ್ತಿರುತ್ತದೆ. ಅದು ಒಂದು ಮಿತಿಗಿಂತ ಕೆಳಗೆ ಕುಸಿಯತೊಡಗಿದರೆ, ಚಾರ್ಜರಿಗೆ ಇಷ್ಟು ಹೊರೆ ತಾಳುವ ಶಕ್ತಿಯಿಲ್ಲವೆಂದು ಬಗೆದು, ಕರೆಂಟನ್ನು ಅಲ್ಲಿಗೇ ನಿಲ್ಲಿಸುತ್ತದೆ. ಈ ಮಿತಿ ಫೋನಿನಿಂದ ಫೋನಿಗೆ ಬೇರೆಯಾದರೂ ಐದು ವೋಲ್ಟಿನ ಚಾರ್ಜಿಂಗ್‌ನಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಅಂದರೆ ಕೇಬಲ್ ನುಂಗಲು ಇರುವ ಅವಕಾಶ ಸುಮಾರು 0.6 ವೋಲ್ಟ್ ಅಷ್ಟೇ. ರೋಧ ಹೆಚ್ಚಿದ್ದಷ್ಟೂ ಆ 0.6 ವೋಲ್ಟ್ ಬೇಗ ಮುಗಿಯುತ್ತದೆ, ಕರೆಂಟ್ ಅಷ್ಟು ಕಡಿಮೆಯಲ್ಲೇ ನಿಲ್ಲುತ್ತದೆ. ಕೇಬಲ್ ದೋಷವಿದ್ದರೆ ಅದು ಬಿಸಿಯಾಗಬೇಕಲ್ಲವೇ ಎಂದು ಭಾವನವರು ಕೇಳಿದ್ದರು. ಫೋನೇ ಕರೆಂಟನ್ನು ತಗ್ಗಿಸಿಕೊಂಡಿದ್ದರಿಂದ ಕೇಬಲ್ಲಿನಲ್ಲಿ ವ್ಯರ್ಥವಾಗುತ್ತಿದ್ದದ್ದು ಕಾಲು ವ್ಯಾಟ್ ಮಾತ್ರ, ಅದೂ ಮೂರು ಮೀಟರ್ ಉದ್ದಕ್ಕೂ ಹಂಚಿಹೋಗಿತ್ತು, ಮುಟ್ಟಿದರೆ ತಿಳಿಯುವಂಥದ್ದಲ್ಲ. ಪಿನ್ನಿನ ಬಳಿ ಮಾತ್ರ ಬಿಸಿಯಾದರೆ ಅದು ಸಡಿಲ ಸಂಪರ್ಕದ ಲಕ್ಷಣ, ಬೇರೆಯೇ ತೊಂದರೆ.

ಇನ್ನು ತಂತಿಯ ದಪ್ಪದ ವಿಚಾರ. ಆ ಕೇಬಲ್ಲನ್ನು ಕತ್ತರಿಸಿ ನೋಡಿದೆ. ಹೊರಗಿನ ಹೆಣಿಗೆ ಮತ್ತು ರಬ್ಬರಿನಿಂದಾಗಿ ಕಿರುಬೆರಳ ಅರ್ಧದಷ್ಟು ದಪ್ಪವಿದ್ದ ಅದರೊಳಗೆ ಕೆಂಪು, ಕಪ್ಪು, ಹಸಿರು, ಬಿಳಿ ಎಂಬ ನಾಲ್ಕು ತಂತಿಗಳಿದ್ದವು. ಹಸಿರು ಮತ್ತು ಬಿಳಿ ಮಾಹಿತಿಗಾಗಿ. ಅವು ಸಣ್ಣಗಿದ್ದರೆ ಬಾಧಕವಿಲ್ಲ. ಚಾರ್ಜ್ ಹರಿಯುವುದು ಕೆಂಪು ಮತ್ತು ಕಪ್ಪಿನಲ್ಲಿ, ಅವೂ ಇಲ್ಲಿ ಅಷ್ಟೇ ಸಣ್ಣಗಿದ್ದವು. ಇಂಥ ತಂತಿಗಳನ್ನು ಗೇಜ್ ಸಂಖ್ಯೆಯಿಂದ ಗುರುತಿಸುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳುವಾಗುತ್ತದೆ ಎಂಬುದನ್ನು ನೆನಪಿಡಬೇಕು. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ, 24 ಗೇಜಿಗೆ 0.084, 20 ಗೇಜಿಗೆ 0.033. ಕರೆಂಟ್ ಕೆಂಪಿನಲ್ಲಿ ಹೋಗಿ ಕಪ್ಪಿನಲ್ಲಿ ಮರಳಬೇಕಾದ್ದರಿಂದ ಮೂರು ಮೀಟರ್ ಕೇಬಲ್ಲಿನಲ್ಲಿ ಅದು ನಡೆಯುವ ದಾರಿ ಆರು ಮೀಟರ್. 28 ಗೇಜ್ ಆದರೆ ಆರು ಮೀಟರಿಗೆ 1.28 ಓಮ್, ಪಿನ್ನುಗಳ ಸಂಪರ್ಕದ ಅಲ್ಪ ರೋಧವನ್ನು ಸೇರಿಸಿದರೆ ನಾನು ಅಳೆದ 1.34ಕ್ಕೆ ಸರಿಹೋಗುತ್ತದೆ.

ಅದೇ ಮೂರು ಮೀಟರಿನಲ್ಲಿ 24 ಗೇಜಿನ ತಂತಿ ಇದ್ದಿದ್ದರೆ ರೋಧ ಅರ್ಧ ಓಮಿಗೆ ಇಳಿದು, 0.6 ವೋಲ್ಟಿನ ಅವಕಾಶದೊಳಗೆ ಒಂದು ಆಂಪಿಯರಿಗಿಂತ ತುಸು ಹೆಚ್ಚು ಹರಿಯುತ್ತಿತ್ತು. 20 ಗೇಜ್ ಇದ್ದಿದ್ದರೆ ಚಾರ್ಜರಿನ ಎರಡು ಆಂಪಿಯರೂ ಸಲೀಸಾಗಿ ಹರಿಯುತ್ತಿತ್ತು. ಇತ್ತ, ಕಳಪೆಯೆಂದು ನಾವು ಬೈಯುತ್ತಿರುವ 28 ಗೇಜಿನ ತಂತಿಯೇ ಒಂದು ಮೀಟರ್ ಉದ್ದದ್ದಾದರೆ ಒಂದು ಆಂಪಿಯರ್ ದಾಟಿಸಬಲ್ಲದು. ಚಿಕ್ಕದಿದ್ದಾಗ ಮುಚ್ಚಿಹೋಗುವ ಕೊರತೆ ಉದ್ದವಾದಾಗ ಬಯಲಾಗುತ್ತದೆ. ಪೊಟ್ಟಣದ ಮೇಲಿನ ಮೂರು ಆಂಪಿಯರ್ ಎಂಬ ಮಾತನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಟೈಪ್-ಸಿ ಮಾನದಂಡದ ಪ್ರಕಾರ ಹೇಳಿದಷ್ಟು ಕರೆಂಟ್ ಹರಿಯುವಾಗ ಹೋಗುವ ತಂತಿಯಲ್ಲಿ 0.5 ವೋಲ್ಟ್, ಮರಳುವ ತಂತಿಯಲ್ಲಿ 0.25 ವೋಲ್ಟ್ ಮೀರಿ ಇಳಿಯಬಾರದು. ಮೂರು ಆಂಪಿಯರಿಗೆ ಇದು ಒಟ್ಟು ಕಾಲು ಓಮ್ ಎಂದಾಯಿತು. ಭಾವನವರ ಕೇಬಲ್ಲಿನಲ್ಲಿ ಅದರ ಐದು ಪಟ್ಟಿಗಿಂತ ಹೆಚ್ಚಿತ್ತು.

ಕೊಳ್ಳುವಾಗ ನೋಡಬಹುದಾದದ್ದು ಒಂದಿದೆ. ಹೆಣಿಗೆಯಿಲ್ಲದ ಕೇಬಲ್ಲುಗಳ ಮೈಮೇಲೆ ಕೆಲವೊಮ್ಮೆ ಸಣ್ಣಕ್ಷರದಲ್ಲಿ `28AWG/1P+24AWG/2C` ಎಂಬಂಥ ಬರಹವಿರುತ್ತದೆ. ಮೊದಲ ಭಾಗ ಮಾಹಿತಿಯ ಜೋಡಿಯದು, ಎರಡನೆಯದು ಚಾರ್ಜಿನ ಎರಡು ತಂತಿಗಳದು, ನೋಡಬೇಕಾದದ್ದು ಎರಡನೆಯದನ್ನು. ಮೂರು ಮೀಟರಿಗೆ ಅಲ್ಲಿ 20 ಇದ್ದರೆ ಕೊಳ್ಳಬಹುದು, 24 ಇದ್ದರೆ ನಿಧಾನಕ್ಕೆ ಸಿದ್ಧರಾಗಿರಬೇಕು, 28 ಇದ್ದರೆ ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು. ಏನೂ ಬರೆದಿಲ್ಲದಿದ್ದರೆ ಹೊರಗಿನ ದಪ್ಪವನ್ನು ನಂಬಬೇಡಿ. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ತಾಮ್ರದ ತೆಳು ಲೇಪವಿರುವ ಅಲ್ಯೂಮಿನಿಯಂ ತಂತಿ ಇರುತ್ತದೆ. ಅಲ್ಯೂಮಿನಿಯಂ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಹಳೆಯ ಕೇಬಲ್ಲಿನ ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಕೆಂಪು ಹೋಗಿ ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಾಗಿದ್ದರೆ ಅದು ತವರ ಲೇಪಿಸಿದ ತಾಮ್ರ, ಅದಕ್ಕೆ ಹೆದರಬೇಕಿಲ್ಲ.

ಒಂಬತ್ತು ವೋಲ್ಟಿನಲ್ಲಿ ಚಾರ್ಜ್ ಮಾಡುವ ವೇಗದ ಚಾರ್ಜರುಗಳಲ್ಲಿ ಈ ತೊಂದರೆ ಸ್ವಲ್ಪ ಮಟ್ಟಿಗೆ ಕಡಿಮೆ. ಅಷ್ಟೇ ಶಕ್ತಿಯನ್ನು ಕಡಿಮೆ ಕರೆಂಟಿನಲ್ಲಿ ಸಾಗಿಸುವುದರಿಂದ ದಾರಿಯ ನಷ್ಟವೂ ತಗ್ಗುತ್ತದೆ; ವೋಲ್ಟೇಜ್ ಏರಿಸುವುದಕ್ಕೆ ಇದೂ ಒಂದು ಕಾರಣ. ಆದರೆ ಅಂಥ ಚಾರ್ಜರಿನಿಂದ ಎರಡು ಆಂಪಿಯರ್ ಎಳೆಯಲು ಹೊರಟರೆ ಮೇಲಿನ ಕೇಬಲ್ ಎರಡೂವರೆ ವೋಲ್ಟಿಗೂ ಹೆಚ್ಚು ನುಂಗುತ್ತದೆ, ಆಗ ಕೇಬಲ್ ನಿಜವಾಗಿಯೂ ಬಿಸಿಯಾಗತೊಡಗುತ್ತದೆ.

ಮಂಡಿಯಲ್ಲಿ ನಾವು ಮಾಡಿದ ಪರಿಹಾರಕ್ಕೆ ದಪ್ಪನೆಯ ಯುಎಸ್‌ಬಿ ಕೇಬಲ್ಲೂ ಬೇಕಾಗಲಿಲ್ಲ. ದೂರವನ್ನು 230 ವೋಲ್ಟಿನ ಕಡೆಗೆ ವರ್ಗಾಯಿಸಿದೆವು. ಗೋಡೆಯ ಪ್ಲಗ್ಗಿನಿಂದ ಮೇಜಿನವರೆಗೆ ಒಳ್ಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಚಾರ್ಜರನ್ನು ಮೇಜಿನ ಬಳಿಯೇ ಸಿಕ್ಕಿಸಿ, 24 ಗೇಜಿನ ಒಂದು ಮೀಟರ್ ಕೇಬಲ್ ಹಾಕಿದೆವು. ಹತ್ತು ವ್ಯಾಟಿನ ಚಾರ್ಜರ್ 230 ವೋಲ್ಟಿನಲ್ಲಿ ಎಳೆಯುವ ಕರೆಂಟ್ ಆಂಪಿಯರಿನ ಹತ್ತನೇ ಒಂದು ಭಾಗವನ್ನೂ ಮುಟ್ಟುವುದು ಕಷ್ಟ, ಹಾಗಾಗಿ ಆ ದೂರಕ್ಕೆ ಕಳೆದುಹೋಗುವ ವೋಲ್ಟೇಜ್ ಲೆಕ್ಕಕ್ಕೇ ಬರುವುದಿಲ್ಲ. ಈಗ ಫೋನಿನ ಕಡೆ 4.63 ವೋಲ್ಟಿನಲ್ಲಿ 1.9 ಆಂಪಿಯರ್ ಹರಿಯುತ್ತಿದೆ, ಅಂದರೆ ಮೊದಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಶಕ್ತಿ ತಲುಪುತ್ತಿದೆ. ಒಂದು ಎಚ್ಚರ ಬೇಕು: ಮಂಡಿಯ ನೆಲ ಕೊಳೆತ ಹಣ್ಣಿನ ರಸದಿಂದ ಒದ್ದೆಯಾಗಿರುತ್ತದೆ, ಮೇಲೆ ಕ್ರೇಟುಗಳನ್ನು ಎಳೆದಾಡುತ್ತಾರೆ. ಐದು ವೋಲ್ಟಿನ ಕೇಬಲ್ ಹರಿದರೆ ಫೋನಿಗಷ್ಟೇ ನಷ್ಟ, 230 ವೋಲ್ಟಿನ ವಯರ್ ಹರಿದರೆ ಜೀವಕ್ಕೇ ಅಪಾಯ. ಆದ್ದರಿಂದ ವಯರನ್ನು ಗೋಡೆಯ ಮೇಲ್ಭಾಗದಲ್ಲಿ ಕ್ಲಿಪ್ ಹಾಕಿ ಕೂರಿಸಿ, ಕಂಬದ ಮೇಲಿಂದ ಮೇಜಿಗೆ ಇಳಿಸಿದ್ದೇವೆ.

ಟೆಸ್ಟರ್ ಇಲ್ಲದವರು ರಿಪೇರಿಗೆ ಹೋಗುವ ಮುನ್ನ ಅದೇ ಚಾರ್ಜರಿಗೆ ಅದೇ ಫೋನನ್ನು ಮೊದಲು ಉದ್ದನೆಯ ಕೇಬಲ್ಲಿನಲ್ಲಿ, ಆಮೇಲೆ ಒಂದು ಮೀಟರಿನ ಕೇಬಲ್ಲಿನಲ್ಲಿ ಅರ್ಧರ್ಧ ಗಂಟೆ ಹಾಕಿ, ಎಷ್ಟು ಶೇಕಡಾ ಏರಿತೆಂದು ಹೋಲಿಸಬಹುದು. ಎರಡು ಸಲವೂ ಪರದೆ ಆರಿರಬೇಕು ಮತ್ತು ಬ್ಯಾಟರಿ 30ರಿಂದ 60 ಶೇಕಡದ ನಡುವೆ ಇರಬೇಕು. 80 ದಾಟಿದ ಮೇಲೆ, ಅಥವಾ ಬಿಸಿಲಿನಲ್ಲಿ ಫೋನು ಕಾದಿದ್ದಾಗ, ಎಷ್ಟು ಒಳ್ಳೆಯ ಕೇಬಲ್ ಹಾಕಿದರೂ ಫೋನು ತಾನಾಗಿಯೇ ಕರೆಂಟ್ ತಗ್ಗಿಸುತ್ತದೆ. ಚಿಕ್ಕ ಕೇಬಲ್ಲಿನಲ್ಲೂ ಏರಿಕೆ ಅಷ್ಟೇ ಮಂದವಾಗಿದ್ದರೆ ಮಾತ್ರ ಚಾರ್ಜರ್, ಪಿನ್ನಿನಲ್ಲಿ ತುಂಬಿದ ಧೂಳು, ಬೋರ್ಡ್, ಬ್ಯಾಟರಿ ಎಂದು ಆ ಕ್ರಮದಲ್ಲೇ ಅನುಮಾನಿಸಿ.