ಎರಡು ನೀಲಿ ಡ್ರಮ್, ಒಂದು ಬಾನಿ: ಒಂದು ಮಳೆಗಾಲದ ಸೊಳ್ಳೆ ಲೆಕ್ಕ

ಸಾಗರ ಪೇಟೆಯ ಹತ್ತಿರ ಅಡಿಕೆ ತೋಟದ ಅಂಚಿಗೆ ನಮ್ಮ ಮನೆ. ಮಳೆಗಾಲದಲ್ಲಿ ಸೊಳ್ಳೆ ಇಲ್ಲದಿದ್ದರೇ ಆಶ್ಚರ್ಯ ಅನ್ನುವ ಜಾಗ. ಹಾಗಾಗಿ ನಾವು ಯಾರೂ ಅದನ್ನು ತಲೆಗೆ ಹಚ್ಚಿಕೊಂಡವರಲ್ಲ. 2024ರ ಮಳೆಗಾಲದಲ್ಲಿ ಅಕ್ಕನ ಮಗಳು ಬಂದು ಹದಿನೈದು ದಿನ ಇದ್ದು ಹೋದಳು. ಹೋಗಿ ವಾರದೊಳಗೆ ಅವಳಿಗೆ ಡೆಂಗಿ. ಇಲ್ಲೇ ಕಚ್ಚಿತೋ, ಅವಳ ಊರಲ್ಲೇ ಕಚ್ಚಿತೋ ಹೇಳುವ ಹಾಗಿಲ್ಲ. ಆದರೆ ಅಕ್ಕ ಫೋನಿನಲ್ಲಿ, "ನಿಮ್ಮನೆ ಡ್ರಮ್ಮಲ್ಲಿ ಹುಳ ಕುಣೀತಿದ್ದದ್ದು ನಾನೇ ನೋಡಿದೀನಿ ಕಣೋ" ಅಂದಳು. ಅದೇ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟ ಹಳ್ಳಿ ಮನೆಗೆ 200 ರೂಪಾಯಿ, ಪೇಟೆ ಮನೆಗೆ 400 ರೂಪಾಯಿ ದಂಡ ಅಂತಲೂ ಮಾಡಿತು. ಅಕ್ಕನ ಮಾತಿನ ಮುಂದೆ ಆ ದಂಡ ಏನೂ ಅಲ್ಲ.

ಮುಂದಿನ ಮಳೆಗಾಲದಲ್ಲಿ ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಯಾವುದು ನಿಜ ಅಂತ ನೋಡೇ ಬಿಡೋಣ ಅಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದೆ. ಸೂರಿನ ಕೆಳಗೆ 200 ಲೀಟರಿನ ಎರಡು ನೀಲಿ ಡ್ರಮ್ ಇವೆ, ಎರಡಕ್ಕೂ ಹೆಂಚಿನ ನೀರು ಬೀಳುತ್ತದೆ. ಕೊಟ್ಟಿಗೆ ಹಿಂದೆ ಸಿಮೆಂಟಿನ ಬಾನಿ ಇದೆ. ದನ ಇದ್ದಾಗ ಅಕ್ಕಚ್ಚಿಗೆ ಅಂತ ಕಟ್ಟಿದ್ದು, ಈಗ ಗಿಡಕ್ಕೆ ನೀರು ತುಂಬಿಡುತ್ತೇವೆ. ಬಚ್ಚಲಿನ ನೀರು ಹೋಗುವ ಒಂದು ಗುಂಡಿಯೂ ಇದೆ.

ಯಾವ ಉಪಾಯ ಗೆದ್ದಿತು ಅಂತ ಅಳೆಯುವುದು ಹೇಗೆ? ಮೊದಮೊದಲು ನಾನು ಕುಣಿಯುವ ಮರಿಗಳನ್ನು ಎಣಿಸುತ್ತಿದ್ದೆ. ನಮ್ಮ ಕಡೆಗೆ ಬರುವ ಆರೋಗ್ಯ ಸಿಬ್ಬಂದಿಯೊಬ್ಬರು ತಿದ್ದಿದರು. ಮರಿ ಸಾವಿರ ಇದ್ದರೂ ಅದರಲ್ಲಿ ಬಹಳಷ್ಟು ಸಾಯುತ್ತವೆ, ಕೋಶ ಎಷ್ಟಿದೆ ನೋಡಿ ಅಂದರು. ಕೋಶ ಅಂದರೆ ಮರಿ ಸೊಳ್ಳೆಯಾಗುವ ಮೊದಲಿನ ಹಂತ. ಅಲ್ಪವಿರಾಮದ ಗುರುತಿನ ಹಾಗೆ ಬಾಗಿರುತ್ತದೆ. ಏನೂ ತಿನ್ನುವುದಿಲ್ಲ. ಸುಮಾರು ಎರಡು ದಿನದಲ್ಲಿ ಒಡೆದು ಸೊಳ್ಳೆ ಹಾರುತ್ತದೆ. ಹಾಗಾಗಿ ಇವತ್ತು ಡ್ರಮ್ಮಿನಲ್ಲಿ ಕಂಡ ಕೋಶವೇ ನಾಡಿದ್ದು ನಮ್ಮನ್ನು ಕಚ್ಚುವ ಸೊಳ್ಳೆ. ಅವತ್ತಿನಿಂದ ಬಿಳಿ ತಟ್ಟೆ, ಸೌಟು, ಟಾರ್ಚು ನನ್ನ ಸಾಮಾನು. ಮೈ ನೆರಳು ಬಿದ್ದರೆ ಎಲ್ಲ ತಳಕ್ಕೆ ಇಳಿದು ಬಿಡುತ್ತವೆ. ಒಂದೆರಡು ನಿಮಿಷ ಸುಮ್ನೆ ನಿಂತರೆ ಉಸಿರಾಡಲು ಮೇಲೆ ಬರುತ್ತವೆ, ಆಗ ಸೌಟು ಅದ್ದಬೇಕು.

ಮೊದಲ ಪಂದ್ಯ ಎರಡು ಡ್ರಮ್ಮುಗಳ ನಡುವೆ. ಪ್ರತಿ ಶನಿವಾರ ಎರಡನ್ನೂ ಬೋರಲು ಹಾಕಿ ಖಾಲಿ ಮಾಡುತ್ತಿದ್ದೆ. ಬಲಗಡೆಯದನ್ನು ಹಾಗೇ ನೆಟ್ಟಗೆ ನಿಲ್ಲಿಸುತ್ತಿದ್ದೆ. ಎಡಗಡೆಯದರ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ, ತೊಳೆದು, ಆಮೇಲೆ ನಿಲ್ಲಿಸುತ್ತಿದ್ದೆ. ನೀರು ಚೆಲ್ಲಿದರೆ ಸಾಕಲ್ವಾ, ತಿಕ್ಕುವುದು ಯಾಕೆ ಅಂತ ನನಗೂ ಅನ್ನಿಸಿತ್ತು. ರಾತ್ರಿ ಮಳೆ ಬಂದು ಎರಡೂ ತುಂಬಿದವು. ಸೋಮವಾರ ಬೆಳಿಗ್ಗೆ ಬಲಗಡೆಯ ಡ್ರಮ್ಮಿನಲ್ಲಿ ಆಗಲೇ ದಾರದ ಚೂರಿನಂಥ ಮರಿಗಳು. ಎಡಗಡೆಯದರಲ್ಲಿ ಒಂದೂ ಇಲ್ಲ. ಮೂರು ವಾರ ಹೀಗೇ ಆಯಿತು.

ಕಾರಣ ಮೊಟ್ಟೆಯಲ್ಲಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮೇಲೆ ಮೊಟ್ಟೆ ಇಡುವುದಿಲ್ಲ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತೇವವಾದ ಗೋಡೆಗೆ ಅಂಟಿಸುತ್ತದೆ. ನೀರು ಚೆಲ್ಲಿದರೆ ಮರಿ ಹೋಗುತ್ತವೆ, ಮೊಟ್ಟೆ ಅಲ್ಲೇ ಉಳಿಯುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಕಾದಿರುತ್ತದೆ. ಮಳೆ ಬಂದು ನೀರು ಆ ಮಟ್ಟಕ್ಕೆ ಏರಿದ ತಕ್ಷಣ ಒಡೆಯುತ್ತದೆ. ಬೇಸಗೆಯಲ್ಲಿ ಖಾಲಿ ಬಿದ್ದಿದ್ದ ಡ್ರಮ್ಮಿನಲ್ಲಿ ಮೊದಲ ಮಳೆಗೇ ಹುಳ ಕಾಣುವುದು ಹೀಗೆ. ಮೊಟ್ಟೆ ಕಣ್ಣಿಗೆ ಬೀಳುವುದು ಕಷ್ಟ, ಮಸಿಯ ಚುಕ್ಕಿಯಷ್ಟೇ. ಅದಕ್ಕೇ ನೀರಿನ ಗೆರೆಯ ಮೇಲಿನ ನಾಲ್ಕು ಬೆರಳು ಜಾಗವನ್ನು ಜೋರಾಗಿ ತಿಕ್ಕಬೇಕು. ತಳ ಎಷ್ಟು ತೊಳೆದರೂ ಇದಕ್ಕೆ ಉಪಯೋಗ ಕಡಿಮೆ. ತಿಕ್ಕಿದ ನೀರನ್ನು ಒಣ ನೆಲಕ್ಕೆ ಚೆಲ್ಲಬೇಕು, ಇನ್ನೊಂದು ಪಾತ್ರೆಗೋ ಚರಂಡಿಗೋ ಅಲ್ಲ.

ವಾರಕ್ಕೊಮ್ಮೆ ಸಾಕೇ ಅಂತ ಕೇಳುತ್ತಾರೆ. ಬೆಚ್ಚಗಿದ್ದರೆ ಮೊಟ್ಟೆ ಒಡೆದಲ್ಲಿಂದ ಏಳೆಂಟು ದಿನಕ್ಕೆ ಸೊಳ್ಳೆ ಹಾರುತ್ತದೆ. ಜಡಿಮಳೆಯ ಚಳಿಯಲ್ಲಿ ಇನ್ನೂ ತಡ. ಶನಿವಾರ ತಪ್ಪಿಸದಿದ್ದರೆ ಸಾಕು. ನಾನು ಜುಲೈ ಮಧ್ಯೆ ಮದುವೆಗೆ ಅಂತ ಒಂದು ಶನಿವಾರ ತಪ್ಪಿಸಿದೆ. ಬಂದು ನೋಡಿದರೆ ಡ್ರಮ್ಮಿನಲ್ಲಿ ಕೋಶಗಳು.

ಆ ಸೋಮಾರಿತನಕ್ಕೆ ಮದ್ದು ಅಂತ ಎರಡನೇ ಪಂದ್ಯ ಶುರು ಮಾಡಿದೆ. ಒಂದು ಡ್ರಮ್ಮಿಗೆ ಬಟ್ಟೆ, ಇನ್ನೊಂದಕ್ಕೆ ಮರಿ ಕೊಲ್ಲುವ ಬಿಟಿಐ ಪುಡಿ.

ಬಟ್ಟೆಯ ಕತೆ ಮೊದಲು. ಅಪ್ಪಯ್ಯನ ಹಳೇ ಪಂಚೆ ಕಟ್ಟಿದೆ. ಎರಡು ದಿನಕ್ಕೆ ಹೆಂಚಿನ ಪಾಚಿ, ಎಲೆ ಬಿದ್ದು ಪಂಚೆಯ ಕಣ್ಣು ಕಟ್ಟಿ ನಡುವೆ ಜೋತು ಬಿತ್ತು. ಅದರ ಮೇಲೇ ಒಂದು ಸಣ್ಣ ಕೆರೆ. ಅಪ್ಪಯ್ಯ ನೋಡಿ, "ಸೊಳ್ಳೆಗೆ ತೊಟ್ಟಿಲು ಕಟ್ಟಿದ್ಯೇನೋ" ಅಂದರು. ಪಂಚೆ ತೆಗೆದು ಹಳೇ ಸೊಳ್ಳೆಪರದೆಯ ನೈಲಾನ್ ತುಂಡು ಹಾಕಿದೆ. ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಬಿಗಿದೆ. ನೀರು ಸರಾಗ ಇಳಿಯಿತು, ಎಲೆ ಮೇಲೇ ನಿಂತಿತು. ಈರುಳ್ಳಿ ಚೀಲ ಮಾತ್ರ ಬೇಡ, ಅದರ ಕಣ್ಣು ದೊಡ್ಡದು. ಇಲ್ಲೂ ಒಂದು ತಪ್ಪು ಮಾಡಿದೆ. ಒಳಗೆ ಮರಿ ಇದ್ದಾಗಲೇ ಪರದೆ ಕಟ್ಟಿದ್ದೆ. ವಾರ ಬಿಟ್ಟು ನೋಡಿದರೆ ಪರದೆಯ ಒಳಮೈಗೆ ಸೊಳ್ಳೆಗಳು ಅಂಟಿ ಕೂತಿದ್ದವು, ನಾನು ಬಿಚ್ಚುವುದನ್ನೇ ಕಾಯುತ್ತಾ. ತಿಕ್ಕಿ ತೊಳೆದ ಮೇಲೇ ಕಟ್ಟಬೇಕು. ಹಾಗೆ ಕಟ್ಟಿದ ಡ್ರಮ್ಮಿನಲ್ಲಿ ಆಗಸ್ಟ್ ಪೂರ್ತಿ ಕೋಶ ಸೊನ್ನೆ.

ಬಿಟಿಐ ಅನ್ನುವುದು ಒಂದು ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು, ಹೆಸರಿನ ಕೊನೆಯ 'ಐ' ಆ ದೇಶದ್ದೇ. ಸೊಳ್ಳೆ ಮರಿ ಇದನ್ನು ತಿಂದರೆ ಅದರ ಕರುಳು ಹರಿಯುತ್ತದೆ. ಮೀನು, ಕಪ್ಪೆಮರಿ, ಜೇನಿಗೆ ಏನೂ ಆಗುವುದಿಲ್ಲ. ಡಬ್ಬದ ಮೇಲಿನ ಅಳತೆಯಂತೆ ಹಾಕಿದೆ. ಮರುದಿನ ಮರಿಗಳೆಲ್ಲ ಸತ್ತು ತಳಕ್ಕೆ ಬಿದ್ದಿದ್ದವು, ನೋಡಿ ಬಹಳ ಖುಷಿ ಆಯಿತು. ಆದರೆ ತಟ್ಟೆಗೆ ಸುರಿದರೆ ಕೋಶಗಳು ಮಾತ್ರ ಆರಾಮಾಗಿ ಪಲ್ಟಿ ಹೊಡೆಯುತ್ತಿದ್ದವು! ಕೋಶ ತಿನ್ನುವುದೇ ಇಲ್ಲವಲ್ಲ, ವಿಷ ಒಳಗೆ ಹೋಗುವುದು ಹೇಗೆ? ಅವು ಎರಡು ದಿನದಲ್ಲಿ ಹಾರಿ ಹೋದವು. ಇನ್ನೊಂದು ತೊಂದರೆ ನಮ್ಮ ಮಳೆಯದು. ಡ್ರಮ್ ತುಂಬಿ ಹೊರಚೆಲ್ಲುತ್ತಲೇ ಇರುವಾಗ ಪುಡಿಯೂ ಅದರ ಜೊತೆ ಹೋಗುತ್ತದೆ. ಬೇರೆ ಕಡೆ ಒಂದೆರಡು ವಾರ ಬರುವ ಪುಡಿ ಇಲ್ಲಿ ಐದಾರು ದಿನಕ್ಕೇ ಮುಗಿಯಿತು. ಹೀಗಾಗಿ ಡ್ರಮ್ಮಿನ ಮಟ್ಟಿಗೆ ನನ್ನ ಓಟು ನೈಲಾನ್ ಪರದೆಗೆ. ಹಳೇ ಪರದೆ, ಹಳೇ ಟ್ಯೂಬು, ಖರ್ಚೂ ಇಲ್ಲ. ಪುಡಿ ಬಚ್ಚಲ ಗುಂಡಿಗೆ ಒದಗಿತು. ಅದನ್ನು ತಿಕ್ಕಲೂ ಆಗದು, ಮುಚ್ಚಲೂ ಆಗದು.

ಅದೇ ಗುಂಡಿಗೆ ಪಕ್ಕದ ಮನೆಯವರು ಸುಟ್ಟ ಎಂಜಿನ್ ಆಯಿಲ್ ಹಾಕಲು ಹೇಳಿದ್ದರು, ಹಾಕಿಯೂ ನೋಡಿದ್ದೆ. ಸತ್ಯ ಹೇಳಬೇಕು, ಇದ್ದದ್ದರಲ್ಲಿ ಬೇಗ ಕೊಂದದ್ದು ಅದೇ. ಎಣ್ಣೆ ಪದರ ಕಟ್ಟಿದರೆ ಮರಿಗೂ ಕೋಶಕ್ಕೂ ಉಸಿರು ಸಿಗುವುದಿಲ್ಲ. ಆದರೆ ಮಾರನೇ ದಿನದ ಮಳೆಗೆ ಎಣ್ಣೆ ಉಕ್ಕಿ ತೋಟದ ಕಾಲುವೆಗೆ ಇಳಿಯಿತು. ಬಾವಿ ಹತ್ತಿರವೇ ಇದೆ. ಮತ್ತೆ ಆ ತಂಟೆಗೆ ಹೋಗಲಿಲ್ಲ.

ಬಾನಿಗೆ ಗಪ್ಪಿ ಮೀನು. ಪೇಟೆಯಿಂದ ಹತ್ತು ಮರಿ ತಂದು, ಪೊಟ್ಟಣವನ್ನು ಬಾನಿ ನೀರಿನ ಮೇಲೆ ಅರ್ಧ ಗಂಟೆ ತೇಲಿಸಿ, ಆಮೇಲೆ ಮೀನು ಬಿಟ್ಟೆ. ನಾಲ್ಕನೇ ದಿನಕ್ಕೆ ತಟ್ಟೆಗೆ ಏನೂ ಬರಲಿಲ್ಲ. ಗಪ್ಪಿ ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತದೆ, ಸಂಖ್ಯೆ ತಾನಾಗೇ ಏರುತ್ತದೆ. ಕೊಳೆ ನೀರನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಅಮ್ಮ ಪ್ರೀತಿಯಿಂದ ದಿನಾ ಅನ್ನದ ಅಗುಳು ಹಾಕುತ್ತಿದ್ದರು. ಒಂದು ವಾರಕ್ಕೆ ನೀರು ನಾರಿತು, ಹೊಟ್ಟೆ ತುಂಬಿದ ಮೀನು ಹುಳದ ಕಡೆ ಅಷ್ಟು ನೋಡಲಿಲ್ಲ. ಅಗುಳು ನಿಲ್ಲಿಸಿದ ಮೇಲೆ ಸರಿಯಾಯಿತು. ಜುಲೈನ ದೊಡ್ಡ ಮಳೆಯಲ್ಲಿ ಬಾನಿ ಉಕ್ಕಿ ಅರ್ಧ ಮೀನು ಹೋದವು. ಈಗ ಅಂಚಿನಿಂದ ಒಂದು ಗೇಣು ಕೆಳಗೆ ತೂತು ಕೊರೆದು ಜಾಲರಿ ಕಟ್ಟಿದ್ದೇನೆ. ಹಳ್ಳಕ್ಕೋ ಕೆರೆಗೋ ಇವನ್ನು ಬಿಡಬೇಡಿ, ನಮ್ಮ ಊರಿನ ಸಣ್ಣ ಮೀನುಗಳ ಜಾಗ ಹಿಡಿಯುತ್ತವೆ. ಆದರೆ ವಾರವಾರ ಖಾಲಿ ಮಾಡಲಾಗದ ಬಾನಿ, ತಾವರೆ ತೊಟ್ಟಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ಮಾಡಿ ಜುಲೈ ಕೊನೆಗೆ ಡ್ರಮ್, ಬಾನಿ, ಗುಂಡಿ ಎಲ್ಲ ಹತೋಟಿಗೆ ಬಂದಿದ್ದವು. ಆದರೂ ಹಗಲು ಜಗಲಿಯಲ್ಲಿ ಕೂತರೆ ಕಾಲಿಗೆ ಕಚ್ಚುವುದು ಕಡಿಮೆಯಾಗಲಿಲ್ಲ. ಒಂದನ್ನು ಹೊಡೆದು ಟಾರ್ಚಿನಲ್ಲಿ ನೋಡಿದೆ. ಬೆನ್ನಿನ ನಡುವೆ ಉದ್ದಕ್ಕೆ ಒಂದೇ ಬಿಳಿ ಗೀಟು. ಅದು ತೋಟ, ಕಾಡಂಚಿನ ಹುಲಿ ಸೊಳ್ಳೆ, ಈಡಿಸ್ ಆಲ್ಬೊಪಿಕ್ಟಸ್. ಮನೆಯೊಳಗೆ ಇರುವ ಈಡಿಸ್ ಈಜಿಪ್ಟಿಯ ಬೆನ್ನಿನಲ್ಲಿ ವೀಣೆಯಂಥ ಬಾಗಿದ ಗೆರೆ ಇರುತ್ತದೆ. ಡೆಂಗಿ ಎರಡೂ ಹರಡುತ್ತವೆ. ಇವು ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದಿಲ್ಲ, ಹಾಗಾಗಿ ಹತ್ತಿರದಲ್ಲೇ ಹುಡುಕಬೇಕು.

ತೋಟಕ್ಕೆ ಇಳಿದೆ. ಮರದ ಬುಡಗಳಲ್ಲಿ ಬಿದ್ದ ಅಡಿಕೆ ಹಾಳೆಗಳು. ದೋಣಿಯಂತೆ ಮೇಲ್ಮುಖವಾಗಿ ಬಿದ್ದಿದ್ದರೆ ಒಂದೊಂದರಲ್ಲೂ ಎರಡು ಮೂರು ಲೋಟ ನೀರು. ಮನೆಗೆ ಹತ್ತಿರದ ಇಪ್ಪತ್ತು ಹಾಳೆ ತಟ್ಟೆಗೆ ಸುರಿದೆ. ಹನ್ನೊಂದರಲ್ಲಿ ಮರಿ, ಏಳರಲ್ಲಿ ಕೋಶ. ಇಲ್ಲಿ ಪರದೆ ಕಟ್ಟುವ ಮಾತಿಲ್ಲ, ಮೀನು ಬಿಡುವ ಮಾತಿಲ್ಲ. ಪುಡಿ ಹಾಕುತ್ತಾ ಹೋದರೆ ತಿಂಗಳಿಗೆ ಡಬ್ಬಗಟ್ಟಲೆ ಬೇಕು. ಇರುವುದು ಒಂದೇ ದಾರಿ, ಹೆಕ್ಕುವುದು. ಬರಿದೇ ಮಗುಚಿ ಹಾಕಿಯೂ ನೋಡಿದೆ. ಗಾಳಿಗೋ ನಾಯಿ ಓಡಾಟಕ್ಕೋ ಅರ್ಧ ಮತ್ತೆ ಅಂಗಾತ ಆಗುತ್ತವೆ. ಸೋಗೆಯಿಂದ ಹಾಳೆ ಕತ್ತರಿಸಿ, ಕೊಟ್ಟಿಗೆ ಮಾಡಿನ ಕೆಳಗೆ ಒಟ್ಟಿದರೆ ಮಾತ್ರ ಕೆಲಸ ಮುಗಿದಂತೆ.

ಮನೆ ಸುತ್ತ ಐವತ್ತು ಹೆಜ್ಜೆಯಷ್ಟು ಜಾಗವನ್ನು ಶನಿವಾರ ಬೆಳಿಗ್ಗೆ ಒಂದು ಗಂಟೆ ಹೆಕ್ಕಿದೆ. ಎರಡು ಶನಿವಾರ ಏನೂ ವ್ಯತ್ಯಾಸ ಇಲ್ಲ. ಆಗಲೇ ಹಾರಿದ ಸೊಳ್ಳೆಗಳು ಎರಡು ಮೂರು ವಾರ ಬದುಕಿರುತ್ತವೆ. ನಾಲ್ಕನೇ ವಾರಕ್ಕೆ ಅಪ್ಪಯ್ಯ ಜಗಲಿಯಲ್ಲಿ ಕಾಲಿಗೆ ಟವೆಲ್ ಸುತ್ತಿಕೊಳ್ಳದೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಕಟ್ಟಿಗೆ ರಾಶಿ ಮೇಲಿನ ಟಾರ್ಪಾಲಿನ ಮಡಿಕೆಗಳು ಮಾತ್ರ ಇನ್ನೂ ಬಗೆಹರಿದಿಲ್ಲ. ಹಗ್ಗ ಎಷ್ಟು ಬಿಗಿದರೂ ಎಲ್ಲೋ ಒಂದು ಕಡೆ ಜೋತು ಬಿದ್ದು ನೀರು ನಿಲ್ಲುತ್ತದೆ. ಈ ಸಲ ನಡುವೆ ಬಿದಿರಿನ ಗಳ ಕೊಟ್ಟು ಇಳಿಜಾರು ಮಾಡಿದ್ದೇನೆ.