9.4 ಕೆ.ಜಿ. ಮಗುವಿಗೆ ಎಂ ಡೈಪರ್ ಸರಿಯೋ, ಎಲ್ ಸರಿಯೋ?

ಕೊಡಗಿನ ಮಳೆಗಾಲದಲ್ಲಿ ಬಟ್ಟೆಯ ಲಂಗೋಟಿ ಒಣಗುವ ಮಾತೇ ಇಲ್ಲ. ಜೂನ್ ಬಂತೆಂದರೆ ನಮ್ಮ ಮನೆಯಲ್ಲಿ ಡೈಪರ್ ಬೇಕೇ ಬೇಕು. ವಿರಾಜಪೇಟೆಗೆ ಹೋದಾಗ ನಮ್ಮನೆಯವರು ಅಂಗಡಿಯಿಂದ ಪ್ಯಾಕೆಟ್ ಫೋಟೋ ಕಳಿಸುತ್ತಾರೆ, ನಾನು ತೋಟದ ಮನೆಯಲ್ಲಿ ಕೂತು ನೋಡಿ ಹೇಳುತ್ತೇನೆ.

ಫೋಟೋದಲ್ಲಿ ಬ್ರ್ಯಾಂಡ್ ಹೆಸರು ಸುಲಭವಾಗಿ ಕಾಣುತ್ತದೆ. ಕೆಳಗಿನ ದೊಡ್ಡ ಅಂಕಿ ಹೆಚ್ಚಾಗಿ ಒಳಗೆ ಎಷ್ಟು ಡೈಪರ್ ಇವೆ ಎನ್ನುವುದು, ಅದಕ್ಕೂ ತೂಕಕ್ಕೂ ಸಂಬಂಧವಿಲ್ಲ. ನಮಗೆ ಬೇಕಾದದ್ದು ಎಂ ಅಥವಾ ಎಲ್ ಅಕ್ಷರದ ಹತ್ತಿರ ಸಣ್ಣದಾಗಿ 'ಕೆ.ಜಿ.' ಜೊತೆಗಿರುವ ಎರಡು ಅಂಕಿ. ಪ್ಲಾಸ್ಟಿಕ್ಕಿನ ಮಡಿಕೆ, ಟ್ಯೂಬ್‌ಲೈಟಿನ ಹೊಳಪು ಮುಚ್ಚುವುದೂ ಅದನ್ನೇ. '7–1' ಅಷ್ಟೇ ಕಂಡರೆ ಊಹೆ ಮಾಡದೆ, ಪ್ಯಾಕೆಟ್ ಸವರಿ, ಸ್ವಲ್ಪ ಓರೆ ಹಿಡಿದು ಮತ್ತೊಂದು ಫೋಟೋ ತೆಗೆಸಿ.

ಪ್ಯಾಂಟ್ ತರದ್ದೋ, ಟೇಪ್ ಅಂಟಿಸುವುದೋ ಎಂದೂ ನೋಡಬೇಕು. ಪ್ಯಾಂಪರ್ಸ್ ಪ್ಯಾಂಟ್‌ನಲ್ಲಿ ಎಂ ಅಂದರೆ 7–12 ಕೆ.ಜಿ.; ಅದೇ ಪ್ಯಾಂಪರ್ಸ್‌ನ ಟೇಪ್ ಡೈಪರ್‌ನಲ್ಲಿ ಎಂ 6–11. ಮಾಮಿಪೋಕೋ, ಹಗ್ಗೀಸ್ ಪ್ಯಾಂಟ್‌ಗಳಲ್ಲೂ ಎಂ 7–12, ಎಲ್ 9–14. ಅಕ್ಷರ ಒಂದೇ ಇದ್ದರೂ ತೂಕ ಬೇರೆ. ಬರಿ 'ಎಂ ತನ್ನಿ' ಎಂದರೆ ಸಾಲದು.

ಮಗಳ ತೂಕ ಹೀಗೆ ನೋಡಿದೆ: ಅವಳನ್ನೆತ್ತಿಕೊಂಡು ನಿಂತಾಗ 67.6, ನಾನೊಬ್ಬಳೇ ನಿಂತಾಗ 58.2, ಅಂದರೆ ಅವಳು 9.4. ಈ ತೂಕ ಎಂ, ಎಲ್ ಎರಡರಲ್ಲೂ ಬರುತ್ತದೆ. ಹಾಗಾಗಿ ಎರಡನ್ನೂ ಹಾಕಿ ನೋಡಿದೆ.

ಹಗಲಲ್ಲಿ ಎಂ ಪ್ಯಾಂಟ್ ಚೆನ್ನಾಗಿ ಕೂರುತ್ತಿತ್ತು, ಅವಳು ತೆವಳಿದರೂ ಜಾರುತ್ತಿರಲಿಲ್ಲ. ರಾತ್ರಿ ಮಾತ್ರ ಬೆನ್ನಿನ ಕಡೆಯಿಂದ ಸೋರಿ ಹಾಸಿಗೆ ಒದ್ದೆ. ಬೆಳಗ್ಗೆ ಬಿಚ್ಚಿದರೆ ತೊಡೆಯ ಸುತ್ತ ಕೆಂಪು ಗೆರೆ, ಸ್ನಾನವಾದ ಮೇಲೂ ಮಾಸುತ್ತಿರಲಿಲ್ಲ. ಇದು ಚಿಕ್ಕದಾಯಿತು ಅನ್ನುವುದರ ಗುರುತು.

ಎಲ್ ಹಾಕಿದಾಗ ಗೆರೆ ಹೋಯಿತು, ರಾತ್ರಿಯಿಡೀ ತಡೆಯಿತು. ಆದರೆ ತೊಡೆ ಸಣ್ಣಗಿರುವ ಅಕ್ಕನ ಮಗನಿಗೆ, ತೂಕ ಹೆಚ್ಚುಕಮ್ಮಿ ಅಷ್ಟೇ ಇದ್ದರೂ, ಅದೇ ಎಲ್ ಕಾಲಿನ ಸಂದಿಯಿಂದ ಸೋರಿತು. ಅವನಿಗೆ ಎಂ ಸರಿ. ಪಕ್ಕದಿಂದ ಸೋರಿದರೆ ಸಡಿಲ, ಮೇಲಿನಿಂದ ಸೋರಿ ಗೆರೆಯೂ ಬಿದ್ದರೆ ಬಿಗಿ ಎಂದು ನಾನು ಲೆಕ್ಕ ಹಾಕುತ್ತೇನೆ. ಅದಕ್ಕೂ ಮೊದಲು ಕಾಲಿನ ನೆರಿಗೆ ಒಳಗೆ ಮಡಚಿಕೊಂಡಿಲ್ಲ ತಾನೇ ಎಂದು ಬೆರಳಾಡಿಸಿ ನೋಡಿ. ಸೈಜ್ ಸರಿಯಿದ್ದರೂ ಅದರಿಂದ ಸೋರುತ್ತದೆ.

ಟೇಪಿನ ಎಂ ಪುಟ್ಟ ಮಗುವಿಗೆ ಒಳ್ಳೆಯದು, ಸೊಂಟ ಹೊಂದಿಸಬಹುದು. ಎದ್ದು ನಿಲ್ಲುವ ಮಗಳಿಗೆ ಹಾಕುವಷ್ಟರಲ್ಲಿ ಅವಳು ಓಡಿರುತ್ತಾಳೆ, ನಾನು ಬಿಟ್ಟೆ.

ಹೊರದೇಶದ ನೆಂಟರು ತಂದ ಪ್ಯಾಕೆಟ್‌ನಲ್ಲಿ ಅಕ್ಷರದ ಬದಲು ಅಂಕಿ ಇರುತ್ತದೆ. ಅಮೆರಿಕದ ಪ್ಯಾಂಪರ್ಸ್ ಸೈಜ್ 3ರ ಮೇಲೆ 16–28 ಪೌಂಡ್ ಎಂದಿದ್ದರೆ ಅದು ಸುಮಾರು 7–13 ಕೆ.ಜಿ.

9ರಿಂದ 12 ಕೆ.ಜಿ. ನಡುವೆ ಇರುವ ಮಗುವಿಗೆ ದೊಡ್ಡ ಪ್ಯಾಕ್ ತರಬೇಡಿ. ಎಲ್‌ನ ಚಿಕ್ಕ ಪ್ಯಾಕ್ ತಂದು ಮೊದಲು ರಾತ್ರಿ ಹಾಕಿ ನೋಡಿ.