ಇಯರ್‌ಬಡ್ಸ್ ಕೊಟ್ಟು ಬರುವ ಮುಂಚೆ ಚೀಟಿ ಬರೆಸ್ಕೊಳ್ಳಿ

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಒಂದು ಅಂಗಡಿಯಲ್ಲಿ ಜನವರಿ 18ಕ್ಕೆ 1,899 ರೂಪಾಯಿ ಕೊಟ್ಟು ಇಯರ್‌ಬಡ್ಸ್ ತಗೊಂಡೆ. ಒಂದು ವರ್ಷ ವಾರಂಟಿ. ಏಪ್ರಿಲ್ 9ಕ್ಕೆ ಎಡಗಡೆಯದು ಸತ್ತೇ ಹೋಯಿತು. ಡಬ್ಬಿಯಲ್ಲಿಟ್ಟರೆ ಬಲಗಡೆಯದರ ದೀಪ ಹತ್ತುತ್ತದೆ, ಎಡಗಡೆಯದು ಕಣ್ಣೇ ಬಿಡುವುದಿಲ್ಲ. ಒಳಗಿನ ಪಿನ್ನುಗಳನ್ನು ಒಣ ಹತ್ತಿಯಿಂದ ಒರೆಸಿದೆ, ರೀಸೆಟ್ ಮಾಡಿದೆ. ಏನೂ ಆಗಲಿಲ್ಲ. ಗೆಳೆಯನಿಗೆ ಕಳಿಸೋಣ ಅಂತ ಇದರದ್ದೊಂದು ವಿಡಿಯೊ ಮಾಡಿಟ್ಟಿದ್ದೆ. ಕೊನೆಗೆ ನನ್ನನ್ನು ಉಳಿಸಿದ್ದು ಅದೇ.

ಅಂಗಡಿಯವರು "ನಾಕ್ ದಿನ ಬಿಟ್ಟು ಬರ್ರಿ" ಅಂದರು. ನಾನು ಸುಮ್ನೆ ಕೊಟ್ಟು ಬಂದೆ. ಜಾಬ್ ಶೀಟ್ ಇಲ್ಲ, ಒಂದು ಚೀಟಿಯೂ ಇಲ್ಲ. ತಪ್ಪಿದ್ದು ಅಲ್ಲೇ. ಒಂಬತ್ತು ದಿನ ಆದ ಮೇಲೆ, "ನೀರು ಹೋಗೇತ್ರಿ ಸರ, ವಾರಂಟಿ ಬರೂದಿಲ್ಲ" ಅಂತ ವಾಪಸ್ ಕೊಟ್ಟರು. ಎಲ್ಲಿ ನೀರು, ಯಾರು ನೋಡಿದರು, ಬರೆದುಕೊಡಿ ಅಂದರೆ ಉತ್ತರವಿಲ್ಲ.

ಸಿಟ್ಟಿನಲ್ಲಿ ವಾಟ್ಸಾಪ್‌ನಲ್ಲಿ ಒಂದು ಪುಟ ಬೈದು ಕಳಿಸಿದೆ. ಎರಡು ನೀಲಿ ಗೀಟು ಬಂದವು, ಅಷ್ಟೇ. ಆಮೇಲೆ ಓದಿ ನೋಡಿದರೆ ಅದರಲ್ಲಿ ಬಿಲ್ ನಂಬರೂ ಇರಲಿಲ್ಲ, ನನಗೆ ಏನು ಬೇಕು ಅನ್ನೋದೂ ಇರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಬಿಲ್ಲಿನಲ್ಲಿ ಬರೀ "ಇಯರ್‌ಬಡ್ಸ್ 1" ಅಂತ ಬರೆದಿದ್ದರು, ಸೀರಿಯಲ್ ನಂಬರ್ ಇಲ್ಲ. ಇದು ನಮ್ಮಲ್ಲಿ ತಗೊಂಡದ್ದೇ ಅಲ್ಲ ಅಂದುಬಿಟ್ಟರೆ? ಪುಣ್ಯಕ್ಕೆ ಖಾಲಿ ಬಾಕ್ಸ್ ಅಟ್ಟದ ಮೇಲಿತ್ತು. ಅದರ ಸ್ಟಿಕರ್ ಮೇಲಿನ ನಂಬರ್, ಡಬ್ಬಿಯ ಮುಚ್ಚಳದ ಒಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ನಂಬರ್, ಎರಡೂ ಒಂದೇ. ಮೊಬೈಲಿನಲ್ಲಿ ಹಿಗ್ಗಿಸಿ ಫೋಟೊ ತೆಗೆದೆ.

ಏಪ್ರಿಲ್ 21ಕ್ಕೆ ಬರೆದ ಎರಡನೇ ಪತ್ರದ ಮುಖ್ಯ ಭಾಗ ಹೀಗಿತ್ತು:

"ಜನವರಿ 18ರಂದು ನಿಮ್ಮಲ್ಲಿ ಕೊಂಡ ಇಯರ್‌ಬಡ್ಸ್‌ನ ಎಡಭಾಗ 81ನೇ ದಿನಕ್ಕೆ ಚಾರ್ಜ್ ಆಗುವುದು ನಿಂತಿದೆ. ಏಪ್ರಿಲ್ 10ರಿಂದ 19ರವರೆಗೆ ಅದು ನಿಮ್ಮ ಬಳಿ ಇತ್ತು. ನೀರು ಹೋಗಿದೆ ಎನ್ನುವುದಾದರೆ ಸರ್ವಿಸ್ ಸೆಂಟರಿನ ವರದಿ ಕೊಡಿ. ಇಲ್ಲವಾದರೆ 15 ದಿನದೊಳಗೆ ಬೇರೆಯದನ್ನು ಕೊಡಿ ಅಥವಾ 1,899 ರೂಪಾಯಿ ಮರಳಿಸಿ. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ, ನಂತರ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ."

ಆಯೋಗ ಅಂದದ್ದು ಬರೀ ಹೆದರಿಸಲಿಕ್ಕೆ ಅಲ್ಲ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ದೂರಿನ ಶುಲ್ಕವೇ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಅದು ಅಂಗಡಿಯವರಿಗೂ ಗೊತ್ತು.

ಬಿಲ್, ಎರಡೂ ನಂಬರಿನ ಫೋಟೊ ಜೊತೆಗಿಟ್ಟು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಂಡೆ. ವಿಡಿಯೊವನ್ನು ವಾಟ್ಸಾಪ್‌ಗೆ ಹಾಕಿದೆ. ಹನ್ನೊಂದನೇ ದಿನ ಫೋನ್ ಬಂತು: "ಬರ್ರಿ ಸರ, ಹೊಸಾದು ಕೊಡ್ತೀವಿ."

ಕೊಟ್ಟರು. ಆದರೆ ವಾರಂಟಿ ಮಾತ್ರ ಹಳೇ ಜನವರಿ 18ರಿಂದಲೇ ಲೆಕ್ಕವಂತೆ. ಈ ಸಲ ಕೌಂಟರ್ ಬಿಟ್ಟು ಅಲ್ಲಾಡಲಿಲ್ಲ. ಬಿಲ್ಲಿನ ಹಿಂದೆ ಹೊಸ ಸೀರಿಯಲ್ ನಂಬರ್ ಬರೆಸಿ, ಸೀಲು ಹೊಡೆಸಿಕೊಂಡೇ ಹೊರಗೆ ಬಂದೆ.